ಧಾಬಳಿಯ ಮಡಿ ಮತ್ತು ಒಂದು ಚಿಗಟ

ನಮ್ಮ ಮನೆಯಲ್ಲಿ ಬೆಳಗಿನ ಹೊತ್ತು ನನ್ನ ಅಕ್ಕನನ್ನು ಮುಟ್ಟುವ ಅಧಿಕಾರ ಇದ್ದದ್ದು ಬೆಕ್ಕಿಗೆ ಮಾತ್ರ. ನಾನು ಒಡಹುಟ್ಟಿದ ತಮ್ಮ, ನನಗಿರಲಿಲ್ಲ. ಆಕೆಯ ಮಂಡಿಗೆ ಎಣ್ಣೆ ತಿಕ್ಕುತ್ತಿದ್ದ ನನ್ನ ಹೆಂಡತಿಗೂ ಮಧ್ಯಾಹ್ನದ ತನಕ ಇರಲಿಲ್ಲ. ಅಕ್ಕ ಸ್ನಾನ ಮುಗಿಸಿ ಉಣ್ಣೆಯ ಧಾಬಳಿ ಸುತ್ತಿಕೊಂಡಳೆಂದರೆ, ಪೂಜೆ, ಅಡಿಗೆ, ಊಟ ಎಲ್ಲವೂ ಆಗುವವರೆಗೆ ಮಡಿ. ಹೈದರಾಬಾದಿನ ತಾರ್ನಾಕದ ಆ ಇಕ್ಕಟ್ಟು ಮನೆಯಲ್ಲಿ ಆಕೆ ದೇವರ ಕೋಣೆಯಿಂದ ಅಡಿಗೆಮನೆಗೆ ಹೊರಟರೆ ನಾವಿಬ್ಬರೂ ಪೇಪರು, ಚಹಾದ ಕಪ್ಪುಗಳ ಸಮೇತ ಗೋಡೆಗೆ ಅಂಟಿಕೊಂಡು ದಾರಿ ಬಿಡಬೇಕು. ಆಕೆಯ ಹಿಂದೆ, ಬಾಲವನ್ನು ಕೊಡೆಯ ಹಿಡಿಕೆಯಂತೆ ಎತ್ತಿಕೊಂಡು, ಯಾರ ಅಪ್ಪಣೆಯೂ ಇಲ್ಲದೆ ಬೆಕ್ಕು ಹೋಗುತ್ತಿತ್ತು.

"ಬೆಕ್ಕಿಗೆ ಮಡಿ ಇಲ್ಲ, ಮೈಲಿಗಿ ಇಲ್ಲ," ಎಂದು ಅಕ್ಕ ತೀರ್ಪು ಕೊಟ್ಟಿದ್ದಳು. ಅದಕ್ಕೆ ಯಾವ ಶಾಸ್ತ್ರದ ಆಧಾರ ಎಂದು ನಾನೊಮ್ಮೆ ಕೇಳಿದ್ದಕ್ಕೆ, "ನಿನಗ ಹೇಳಿ ತಿಳೀಬೇಕಲ್ಲ, ತಮ್ಮಾ," ಎಂದಳು. ಮೇಲ್ಮನವಿ ಅಲ್ಲಿಗೆ ವಜಾ.

ಧಾಬಳಿಯ ವಿಚಾರ ಸ್ವಲ್ಪ ಹೇಳಬೇಕು. ನಡೆದದ್ದೆಲ್ಲ ಅದರೊಳಗೇ ನಡೆದದ್ದು. ಮಡಿಗೆ ಉಡುವ ಹತ್ತಿ ಬಟ್ಟೆಯನ್ನು ದಿನಾ ಒಗೆದು, ಯಾರೂ ಮುಟ್ಟದ ಹಾಗೆ ಒಣಹಾಕಬೇಕು. ಉಣ್ಣೆಗೆ ಆ ಕಷ್ಟವಿಲ್ಲ. ಉಣ್ಣೆಗೆ ಮೈಲಿಗೆ ತಟ್ಟುವುದಿಲ್ಲವೆಂದು ಹಿರಿಯರ ನಂಬಿಕೆ; ತಟ್ಟದ್ದನ್ನು ತೊಳೆಯುವ ಪ್ರಶ್ನೆಯೂ ಏಳುವುದಿಲ್ಲ. ಅಕ್ಕನದು ನಮ್ಮ ಅವ್ವನ ಧಾಬಳಿ, ಧಾರವಾಡದಿಂದ ಬಂದದ್ದು. ಹಳೆಯ ಬೆಲ್ಲದ ಬಣ್ಣ, ಕರ್ಪೂರ ಮತ್ತು ಒಗ್ಗರಣೆ ಕೂಡಿದ ವಾಸನೆ. ಗಂಡನನ್ನು ಕಳೆದುಕೊಂಡು ನಮ್ಮ ಮನೆಗೆ ಬಂದಾಗ ಆಕೆ ತನ್ನ ರೇಷ್ಮೆ ಸೀರೆಗಳನ್ನೆಲ್ಲ ನಾದಿನಿಯರಿಗೆ ಹಂಚಿ, ಇದೊಂದನ್ನು ಮಾತ್ರ ಟ್ರಂಕಿನ ತಳದಲ್ಲಿಟ್ಟು ತಂದಿದ್ದಳು. ಅದು ನೀರು ಕಂಡದ್ದನ್ನು ನಾನು ನೋಡಿಲ್ಲ. ಅವ್ವನ ಕಾಲದಲ್ಲಿ ಕಂಡಿದ್ದರೆ ಅದಕ್ಕೆ ಸಾಕ್ಷಿಗಳು ಉಳಿದಿಲ್ಲ.

ಬಹಳ ವರ್ಷ ಅದು ಊಟದ ನಂತರ ದೇವರ ಕೋಣೆಯ ಸೂರಿನ ಕೆಳಗೆ ಕಟ್ಟಿದ ಬಿದಿರು ಗಳದ ಮೇಲೇರುತ್ತಿತ್ತು. ಆಮೇಲೆ ಅಕ್ಕನ ಬಲದ ಹೆಗಲು ಹಿಡಿದುಕೊಂಡಿತು. ಕೈ ಮೇಲೆತ್ತಲು ಬಾರದು. ಬೇರೆಯವರು ಎತ್ತಿಡುವಂತಿಲ್ಲ. ಹಾಗಾಗಿ ಧಾಬಳಿ ಗಳದಿಂದ ಇಳಿದು, ನಾಲ್ಕು ಮಡಿಕೆಯಾಗಿ, ಮೂಲೆಯ ಮಣೆಯ ಮೇಲೆ ಕುಳಿತಿತು. ಬೆಕ್ಕು ಅದೇ ದಿನ ಮಧ್ಯಾಹ್ನ ಅದರ ಮೇಲೆ ಸುರುಳಿ ಸುತ್ತಿ ಮಲಗಿ, ಆ ಜಾಗ ತನ್ನದೆಂದು ಖಾಯಂ ಮಾಡಿಕೊಂಡಿತು. ಮೈಲಿಗೆ ಇಲ್ಲದ ಪ್ರಾಣಿ, ಮೈಲಿಗೆ ಇಲ್ಲದ ಬಟ್ಟೆ. ಅಕ್ಕನಿಗೆ ಇದಕ್ಕಿಂತ ಯೋಗ್ಯ ಸಂಬಂಧ ಕಾಣಲಿಲ್ಲ.

ಮಳೆಗಾಲದಲ್ಲಿ ತುರಿಕೆ ಶುರುವಾಯಿತು. ಬೆಕ್ಕು ನೆಟ್ಟಗೆ ನಡೆಯುತ್ತಿದ್ದದ್ದು, ಯಾರೋ ಹಿಂದಿನಿಂದ ಚಿವುಟಿದ ಹಾಗೆ ಗಕ್ಕನೆ ತಿರುಗಿ ಬಾಲದ ಬುಡವನ್ನು ಹಲ್ಲಿನಿಂದ ಕಚ್ಚಿಕೊಳ್ಳುತ್ತಿತ್ತು. ಊಟ ಅರ್ಧಕ್ಕೆ ಬಿಟ್ಟು ನೆಕ್ಕುತ್ತಿತ್ತು. ಕೆಲವೇ ದಿನಗಳಲ್ಲಿ ಸೊಂಟದ ಮೇಲಿನ ಕೂದಲು ತೆಳುವಾಗಿ ಚರ್ಮ ಕಂಡಿತು. ಬೆನ್ನ ಮೇಲೆ ಕೈಯಾಡಿಸಿದರೆ ಕೂದಲಿನಡಿ ರವೆ ಚೆಲ್ಲಿದಂತೆ ಸಣ್ಣ ಸಣ್ಣ ಹಕ್ಕಳೆ. ಬಾಲದ ಬುಡದಲ್ಲಿ ಅವು ಒಂದಕ್ಕೊಂದು ಕೂಡಿ, ಒಡೆದು, ರಕ್ತ ಜಿನುಗುತ್ತಿತ್ತು.

"ಗಜ್ಜಿ," ಎಂದಳು ನನ್ನ ಹೆಂಡತಿ. "ಅಕ್ಕಾರ, ಸಿಟ್ಟಾಗಬ್ಯಾಡ್ರಿ. ಇದು ಮನಿಮಂದಿಗೆಲ್ಲಾ ಹತ್ತತದ."

"ನನಗ ಹತ್ತಿಲ್ಲಲ್ಲ? ಇಕಿ ನನ್ನ ತೊಡೀ ಮ್ಯಾಲೇ ಕೂಡ್ತಾಳ." ಬೆಕ್ಕಿಗೆ ಬೇರೆ ಹೆಸರಿರಲಿಲ್ಲ. ಅಕ್ಕ 'ಇಕಿ' ಎಂದರೆ ಬೆಕ್ಕು, ಇಲ್ಲವೇ ನನ್ನ ಹೆಂಡತಿ. ದನಿಯಲ್ಲಿ ಪ್ರೀತಿ ಇದ್ದರೆ ಬೆಕ್ಕು.

"ನಿಮಗ ಹತ್ತೂದಿಲ್ಲ ಬಿಡ್ರಿ. ನಿಮ್ಮನ್ನ ಮುಟ್ಟಲಿಕ್ಕೆ ಗಜ್ಜಿಗೂ ಅಂಜಿಕಿ."

ನಕ್ಕದ್ದು ನಾನೊಬ್ಬನೇ, ಮತ್ತು ಬೇಗ ನಿಲ್ಲಿಸಿದೆ. ಹೆಂಡತಿಯ ಮಾತಿನಲ್ಲಿ ಹಾಸ್ಯ ಸ್ವಲ್ಪವೇ ಇತ್ತು. ಸಿಕಂದರಾಬಾದಿನ ಸ್ಟೇಷನ್ ಹತ್ತಿರ ಆಕೆಯ ಸೋದರಮಾವನ ಮಗನ ಅಕ್ಕಿ ಗೋದಾಮಿತ್ತು. ಇಲಿಗಳ ಕಾಟಕ್ಕೆ ಆತ ಒಂದು ಬೆಕ್ಕು ಬೇಕೆಂದು ಬಹಳ ದಿನದಿಂದ ಹೇಳುತ್ತಿದ್ದ. ದೀಪಾವಳಿಗೆ ಮನೆ ಸುಣ್ಣ-ಬಣ್ಣ ಕಾಣುವುದರೊಳಗೆ ತುರಿಕೆ ನಿಲ್ಲದಿದ್ದರೆ ಬೆಕ್ಕು ಗೋದಾಮಿಗೆ, ಎಂದು ಹೆಂಡತಿ ಹೇಳಿಬಿಟ್ಟಳು. ಅಕ್ಕ ಬೆಕ್ಕನ್ನು ಎತ್ತಿಕೊಂಡು ಒಳಗೆ ಹೋದಳು. ಆಕೆ ಜಗಳಕ್ಕೆ ಬಾರದೆ ಸುಮ್ಮನಾದರೆ ನಮ್ಮ ಮನೆಯಲ್ಲಿ ಅದನ್ನು ಗಂಡಾಂತರವೆಂದು ತಿಳಿಯುತ್ತಿದ್ದೆವು.

ನಾನು ಬಾಲಾನಗರದ ಕಾರ್ಖಾನೆಯೊಂದರಲ್ಲಿ ವಿಮಾನದ ಉಪಕರಣಗಳ ತಪಾಸಣೆ ವಿಭಾಗದಲ್ಲಿ ಆಯುಷ್ಯ ಸವೆಸಿ ನಿವೃತ್ತನಾದವನು. ಕೂದಲೆಳೆಯಷ್ಟು ಬಿರುಕನ್ನು ಹುಡುಕುವ ಭೂತಗನ್ನಡಿ ಇನ್ನೂ ನನ್ನ ಮೇಜಿನಲ್ಲಿತ್ತು. ಕಣ್ಣಿಗೆ ಅದನ್ನು ಸಿಕ್ಕಿಸಿಕೊಂಡು, ಬೆಕ್ಕನ್ನು ಪೇಪರಿನ ಮೇಲೆ ಮಲಗಿಸಿ, ತಲೆಯಿಂದ ಬಾಲದವರೆಗೆ ವಿಧಿಪೂರ್ವಕ ಪರೀಕ್ಷೆ ನಡೆಸಿದೆ. ಹೇನಿಲ್ಲ, ಉಣ್ಣಿ ಇಲ್ಲ, ಚಿಗಟ ಇಲ್ಲ. "ಕೀಟರಹಿತ" ಎಂದು ಘೋಷಿಸಿದೆ. ಅಕ್ಕ ಹೆಂಡತಿಯ ಕಡೆಗೆ ನೋಡಿ, "ಕೇಳಿದಿಲ್ಲ? ನಮ್ಮ ಮನ್ಯಾಗ ಚಿಗಟ ಎಲ್ಲಿಂದ ಬರಬೇಕು?" ಎಂದಳು. ಬೆಕ್ಕು ಈ ಪ್ರಮಾಣಪತ್ರವನ್ನು ಕಚ್ಚಿಕೊಳ್ಳುತ್ತಲೇ ಸ್ವೀಕರಿಸಿತು.

ಕೊನೆಗೆ ತರಕಾರಿ ಬುಟ್ಟಿಯೊಳಗೆ ಬೆಕ್ಕನ್ನು ಕೂರಿಸಿ, ಮೇಲೆ ಇನ್ನೊಂದು ಬುಟ್ಟಿ ಕವುಚಿ ಕಟ್ಟಿ, ನಾನೂ ಅಕ್ಕನೂ ಆಟೋದಲ್ಲಿ ದವಾಖಾನೆಗೆ ಒಯ್ದೆವು. ಪ್ರಾಣಿಗಳ ಡಾಕ್ಟರು ರಾಯಚೂರು ಕಡೆಯ ಹೆಣ್ಣುಮಗಳು. ಆಟೋದವನೊಂದಿಗೆ ನನ್ನ ತೆಲುಗು, ಕಾಂಪೌಂಡರನೊಂದಿಗೆ ನನ್ನ ಹಿಂದಿ ಎರಡನ್ನೂ ಕೇಳಿದ ಮೇಲೆ, ಕರುಣೆಯಿಂದಲೋ ಏನೋ, ಕನ್ನಡದಲ್ಲೇ ಮಾತಾಡಿದರು.

"ಎಲ್ಲಿ ಭಾಳ ಕಡ್ಕೊಳ್ತೈತಿ, ಅಮ್ಮಾ?"

"ಬಾಲದ ಬುಡಕ್ಕ. ಬ್ಯಾರೆ ಎಲ್ಲೂ ಅಷ್ಟಿಲ್ಲ."

ಡಾಕ್ಟರು ಸಣ್ಣ ಹಲ್ಲಿನ ಬಾಚಣಿಗೆಯಿಂದ ಬಾಲದ ಬುಡವನ್ನು ಕೂದಲಿಗೆ ಎದುರಾಗಿ ಬಾಚಿದರು. ಮೆಣಸಿನ ಪುಡಿಯಂಥ ನಾಲ್ಕಾರು ಕಪ್ಪು ಕಣಗಳು ಬಂದವು. ಅವನ್ನು ಒದ್ದೆ ಹತ್ತಿಯ ಮೇಲೆ ಉದುರಿಸಿ ನಮ್ಮ ಮುಂದೆ ಹಿಡಿದರು. ನೋಡುತ್ತಿದ್ದಂತೆ ಕಪ್ಪು ಕರಗಿ, ಸುತ್ತಲೂ ಕೆಂಪು-ಕಂದು ಬಣ್ಣ ಹರಡಿತು.

"ಧೂಳಾಗಿದ್ರ ಕರ್ರಗೇ ಇರ್ತಿತ್ತು. ಇದು ನಿಮ್ಮ ಬೆಕ್ಕಿನ ರಕ್ತ ರೀ. ಚಿಗಟ ಕುಡಿದು, ಹೊರಗ ಹಾಕಿದ್ದು."

ಅಕ್ಕನ ಮುಖ ಬಿಗಿಯಿತು. "ನಮ್ಮ ಮನಿ ಮಡೀ ಮನಿ ರೀ. ನನ್ನ ತಮ್ಮ ಭೂತಗನ್ನಡಿ ಹಾಕ್ಕೊಂಡು ನೋಡ್ಯಾನ. ಒಂದೂ ಚಿಗಟ ಇಲ್ಲ."

"ಸಿಗೂದಿಲ್ಲ ಅಮ್ಮಾ. ಬೆಕ್ಕು ದಿನಾ ಮೈ ನೆಕ್ಕಿ ನೆಕ್ಕಿ ನುಂಗಿಬಿಡ್ತೈತಿ. ಈ ಬ್ಯಾನಿ ಬಂದ ಬೆಕ್ಕಂತೂ ಇನ್ನೂ ಜಾಸ್ತಿ ನೆಕ್ತೈತಿ. ಚಿಗಟ ಕಾಣಲಾರದ್ದಕ್ಕ ಇಲ್ಲ ಅಂತ ಅಲ್ಲ."

"ಹಂಗಾರ ಓಣ್ಯಾಗ ಆ ಗಂಡಬೆಕ್ಕಿನ ಮೈತುಂಬ ಚಿಗಟ ಅವ. ಅದು ಆರಾಮ ಅಡ್ಡಾಡತದ. ನಮ್ಮಕಿಗೇ ಯಾಕ?"

ಪ್ರಶ್ನೆ ಸರಿಯಾಗಿತ್ತು. ಡಾಕ್ಟರು ಕುರ್ಚಿ ಎಳೆದುಕೊಂಡು ಕುಳಿತರು. ಚಿಗಟ ಕಚ್ಚುವಾಗ ರಕ್ತ ಹೆಪ್ಪುಗಟ್ಟದಿರಲೆಂದು ತನ್ನ ಜೊಲ್ಲನ್ನು ಚರ್ಮದೊಳಗೆ ಬಿಡುತ್ತದೆ. ಹೆಚ್ಚಿನ ಬೆಕ್ಕುಗಳಿಗೆ ಅದು ಚಿಕ್ಕ ಕಡಿತ, ಅಷ್ಟೆ. ಕೆಲವು ಬೆಕ್ಕುಗಳ ಮೈ ಮಾತ್ರ ಆ ಜೊಲ್ಲನ್ನು ವೈರಿಯೆಂದು ಗುರುತು ಹಿಡಿದಿಟ್ಟುಕೊಳ್ಳುತ್ತದೆ. ಒಮ್ಮೆ ಗುರುತು ಹಿಡಿಯಿತೆಂದರೆ, ಆಮೇಲೆ ಒಂದೇ ಚಿಗಟ, ಒಂದೇ ಸಲ ಕಚ್ಚಿ ಹೋದರೂ ಮೈಯೆಲ್ಲ ಯುದ್ಧಕ್ಕೆ ನಿಲ್ಲುತ್ತದೆ. ಚಿಗಟ ಸತ್ತು ಎಷ್ಟೋ ದಿನವಾದರೂ ತುರಿಕೆ ನಿಲ್ಲುವುದಿಲ್ಲ. ಚಿಗಟಗಳಿಗೆ ಬಾಲದ ಬುಡ, ಸೊಂಟ, ತೊಡೆಯ ಹಿಂಭಾಗ ಇಷ್ಟವಾದ ಜಾಗ. ಹಾಗಾಗಿ ಉರಿಯೂ ಹಕ್ಕಳೆಯೂ ಅಲ್ಲೇ ಹೆಚ್ಚು. ಉಳಿದ ಹಾಳನ್ನು ಬೆಕ್ಕಿನ ನಾಲಿಗೆ, ಹಲ್ಲುಗಳೇ ಮಾಡುತ್ತವೆ.

"ಒಂದು ಹನಿ ಜೊಲ್ಲಿಗೆ ಇಷ್ಟು ರಂಪ?" ಎಂದೆ ನಾನು.

"ಒಂದು ಮಾತಿಗೆ ವರ್ಷಗಟ್ಟಲೆ ಮಾತು ಬಿಟ್ಟೋರು ಮನುಷ್ಯಾರಾಗ ಇಲ್ಲೇನ್ರಿ?" ಎಂದರು ಡಾಕ್ಟರು. ನಾನೂ ಅಕ್ಕನೂ ಒಬ್ಬರನ್ನೊಬ್ಬರು ನೋಡಲಿಲ್ಲ. ನಮ್ಮ ಕಡೆ ಅಂಥವರು ಬೇಕಾದಷ್ಟಿದ್ದರು.

ಗಜ್ಜಿಯಲ್ಲ, ಈ ಅಲರ್ಜಿ ಯಾರಿಗೂ ಅಂಟುವುದಿಲ್ಲ ಎಂದು ಹೇಳಿಸಿಕೊಂಡು ಅಕ್ಕ ಗೆದ್ದವಳಂತೆ ಎದ್ದಳು. ತುರಿಕೆ ಇಳಿಯಲು ಒಂದು ಇಂಜೆಕ್ಷನ್ ಕೊಟ್ಟರು. ಕತ್ತಿನ ಹಿಂದೆ, ನಾಲಿಗೆ ಮುಟ್ಟದ ಜಾಗದಲ್ಲಿ, ಕೂದಲು ಬಿಡಿಸಿ ಚರ್ಮಕ್ಕೇ ಹನಿ ಔಷಧ ಹಾಕಿದರು. ತಿಂಗಳಿಗೊಮ್ಮೆ ತಪ್ಪದೆ ಹಾಕಬೇಕು, ಬೆಕ್ಕಿನದ್ದೇ ಆಗಬೇಕು, ನಾಯಿಯ ಔಷಧ ಹಾಕಿದರೆ ಬೆಕ್ಕು ಸೆಟೆದು ಸಾಯಬಹುದು ಎಂದು ಎಚ್ಚರಿಸಿದರು. ಮನೆಯ ಹಾಸಿಗೆ-ಹೊದಿಕೆಗಳನ್ನೆಲ್ಲ ಬಿಸಿನೀರಿನಲ್ಲಿ ಒಗೆಯಬೇಕು. ಚಿಗಟದ ಮೊಟ್ಟೆ ಬೆಕ್ಕಿನ ಮೈಮೇಲೆ ನಿಲ್ಲದೆ, ಅದು ಮಲಗಿದಲ್ಲಿ ಉದುರುತ್ತದೆಯಂತೆ.

ಮನೆಯಲ್ಲಿ ಮಹಾಮಜ್ಜನ ನಡೆಯಿತು. ಗಾದಿಯ ಹೊದಿಕೆ, ಚಾದರ, ಪರದೆ, ಕಾಲೊರಸು, ನನ್ನ ಮಫ್ಲರ್ ಕೂಡ ಕುದಿನೀರು ಕಂಡವು. ಹೆಂಡತಿ ಮಂಚದ ಸಂದುಗಳನ್ನು ಗುಡಿಸಿ ಗುಡಿಸಿ ಕಸವನ್ನು ಹೊರಗೆ ಸುಟ್ಟಳು. ಬೆಕ್ಕು ಕೆಲವು ವಾರ ನೆಮ್ಮದಿಯಿಂದ ನಿದ್ದೆ ಮಾಡಿತು. ಹಕ್ಕಳೆ ಒಣಗಿ ಉದುರಿತು. ಸಣ್ಣ ಕೂದಲು ಚಿಗುರಿತು. ನಂತರ ಒಂದು ಮಧ್ಯಾಹ್ನ ಅದು ಧಾಬಳಿಯ ಮೇಲಿಂದ ಎದ್ದು, ಮೈ ಮುರಿದು, ಎರಡು ಹೆಜ್ಜೆ ಇಟ್ಟು, ಗಕ್ಕನೆ ಹಿಂತಿರುಗಿತು.

ಮತ್ತೆ ಬುಟ್ಟಿ, ಮತ್ತೆ ಆಟೋ.

"ಈ ಇಂಜೆಕ್ಷನ್ ಮತ್ತ ಮತ್ತ ಕೊಡಾಕ ಬರೂದಿಲ್ಲ ರೀ," ಎಂದರು ಡಾಕ್ಟರು. "ಬೆಕ್ಕಿಗೆ ಸಕ್ಕರಿ ಬ್ಯಾನಿ ಬಂದೀತು. ಹನಿ ಹಾಕಾಕತ್ತೀರಿ, ಚಿಗಟ ಸಾಯಾಕತ್ತಾವ. ಖರೆ, ಸಾಯೂದ್ರಾಗ ಹೊಸಾವು ಒಂದೆರಡು ಕಚ್ಚಾಕತ್ತಾವ. ಎಲ್ಲೋ ಹುಟ್ಟಾಕತ್ತಾವ. ಎಲ್ಲಿ ಮಲಗ್ತೈತಿ ಇದು?"

ಅಕ್ಕ ಬೆಕ್ಕಿನ ಕಿವಿ ಸವರಿದಳು. ನಾನು ಧಾಬಳಿಯ ಹೆಸರು ಹೇಳಿದೆ.

"ಅದನ್ನ ಒಗದ್ರೇನು?"

"ಧಾಬಳಿ ಒಗೀತಾರೇನ್ರಿ?" ಅಕ್ಕನಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. "ಮೈಲಿಗಿ ಆಗಲಾರದ್ದನ್ನ ಒಗದು, ಅದು ಮೈಲಿಗಿ ಆಗಿತ್ತು ಅಂತ ಒಪ್ಪಿಕೊಳ್ಳೂದೇನು?"

ಡಾಕ್ಟರು ನಗಲಿಲ್ಲ. ನಿಧಾನವಾಗಿ ಹೇಳಿದರು: ಮೊಟ್ಟೆ ಒಡೆದು ಬರುವ ಹುಳ ಬೆಳಕಿಗೆ ಅಂಜಿ ಬಟ್ಟೆಯ ಮಡಿಕೆಯೊಳಗೆ ಇಳಿಯುತ್ತದೆ. ಆ ಕಪ್ಪು ಕಣಗಳೇ ಅದಕ್ಕೆ ಊಟ. ಬಲಿತ ಮೇಲೆ ಅಂಟಂಟು ಗೂಡು ಕಟ್ಟಿ ಎಳೆಗಳಿಗೆ ಕಚ್ಚಿಕೊಳ್ಳುತ್ತದೆ. ಔಷಧ ಹೊಡೆದರೂ ಆ ಗೂಡಿನೊಳಗೆ ಹೋಗದು. ವಾರವಲ್ಲ, ತಿಂಗಳುಗಟ್ಟಲೆ ಕಾಯಬಲ್ಲದು. ಮೇಲೆ ಒಂದು ಬಿಸಿ ಮೈ ಬಂದು ಒರಗಿ, ಬಟ್ಟೆ ಅದುರಿದಾಗ, ಊಟ ಬಂತೆಂದು ತಿಳಿದು ಹೊರಗೆ ಬರುತ್ತದೆ.

"ಉಣ್ಣಿ ಬಟ್ಟಿಯೊಳಗ ಅವು ಭಾಳ ಛಲೋ ಅಡಗ್ತಾವ, ಅಮ್ಮಾ. ಬಿಸಿನೀರಾಗ ಹಾಕ್ರಿ. ಇಲ್ಲಾಂದ್ರ ಮನಿಯಿಂದ ಹೊರಗ ಹಾಕ್ರಿ. ಅದು ಇರೂಮಟ ಇದಕ್ಕ ಆರಾಮಿಲ್ಲ."

ವಾಪಸು ಬರುವಾಗ ಆಟೋದಲ್ಲಿ ಅಕ್ಕ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಒಳಗಿನಿಂದ ನೆಕ್ಕುವ ಸದ್ದು ನಿಲ್ಲದೆ ಬರುತ್ತಿತ್ತು. ಮನೆಯಲ್ಲಿ ಅತ್ಯಂತ ಶುದ್ಧವೆಂದು ನಾವು ದಾರಿ ಬಿಟ್ಟು ಗೋಡೆಗೆ ಅಂಟಿಕೊಂಡದ್ದು ಯಾವುದಕ್ಕೋ, ಅದರೊಳಗೇ ಇಷ್ಟು ದೊಡ್ಡ ಸಂಸಾರ ನಡೆದಿತ್ತು. ಹೆಂಡತಿಗೆ ಇದನ್ನು ಹೇಳುವಾಗ ನಾನು ತಮಾಷೆಯ ಧಾಟಿ ಹಿಡಿಯಲು ನೋಡಿದೆ. ಆಕೆ ನಗಲಿಲ್ಲ.

"ಪಾಪ, ಅಕ್ಕಾರು," ಎಂದಳು. ಗೋದಾಮಿನ ಮಾತನ್ನು ಆಮೇಲೆ ಆಕೆ ಎತ್ತಲೂ ಇಲ್ಲ, ಹಿಂತೆಗೆದುಕೊಳ್ಳಲೂ ಇಲ್ಲ. ಸುಣ್ಣ ಹೊಡೆಯುವವರು ಬರುವ ದಿನ ಗೊತ್ತಾಗಿತ್ತು.

ಅಕ್ಕ ಮೊದಲು ಬೆಕ್ಕಿಗೆ ಧಾಬಳಿಯ ಸಹವಾಸ ಬಿಡಿಸಲು ನೋಡಿದಳು. ದೇವರ ಕೋಣೆಯ ಬಾಗಿಲು ಹಾಕಿದಳು. ಅದು ಹೊರಗೆ ಕುಳಿತು ಕೆರೆಯಿತು. ಬಾಗಿಲು ಹಾಕಿದರೂ ಮರುದಿನ ಧಾಬಳಿ ಸುತ್ತಿಕೊಂಡು ಆಕೆ ಹೊರಗೆ ಬಂದು ಕುಳಿತೊಡನೆ ತೊಡೆಯ ಮೇಲೇ ಏರಿತು. ತಳ್ಳಿದಳು. ಮತ್ತೆ ಏರಿತು. ಮಡಿಯಲ್ಲಿದ್ದ ಅಕ್ಕ ಯಾರನ್ನಾದರೂ 'ದೂರ ಸರಿ' ಎನ್ನುವುದನ್ನು ನಾನು ಜೀವಮಾನವೆಲ್ಲ ಕೇಳಿದ್ದೆ. ಆದರೆ ಆ ಮಾತು ಹೇಳಿ ಆಕೆಯೇ ಅಳುವುದನ್ನು ಕಂಡಿರಲಿಲ್ಲ.

ಮರುದಿನ ಊಟವಾದ ಮೇಲೆ ಆಕೆ ತಾನಾಗಿ ಹಂಡೆಗೆ ನೀರು ತುಂಬಿಸಲು ಹೇಳಿದಳು. ನೀರು ಕುದಿಯಿತು. ಧಾಬಳಿಯನ್ನು ಎರಡೂ ಕೈಯಲ್ಲಿ ತಂದಳು. ಹೆಗಲು ನೋಯುತ್ತಿದ್ದರೂ ನಮಗೆ ಕೊಡಲಿಲ್ಲ. ಹಂಡೆಯ ಬಾಯಲ್ಲಿ ಒಂದು ಗಳಿಗೆ ಹಿಡಿದು ನಿಂತಳು.

"ಅಕ್ಕಾ, ಗಂಟು ಕಟ್ಟಿ ಹೊರಗ ಕೊಟ್ಟುಬಿಡೂಣೇನು?" ಎಂದೆ. "ಯಾರಿಗರೆ ಉಪಯೋಗ ಆದೀತು."

"ಅವ್ವಂದು, ಬ್ಯಾರೆಯವರ ಮೈಮ್ಯಾಲೆ ನೋಡ್ಲೇನು?" ಎಂದು ನೀರಿಗೆ ಬಿಟ್ಟಳು.

ಕರ್ಪೂರದ ವಾಸನೆ ಒಮ್ಮೆ ದಟ್ಟವಾಗಿ ಮೇಲೆದ್ದಿತು, ಆಮೇಲೆ ಒದ್ದೆ ಕುರಿಯ ವಾಸನೆ. ನೀರು ಬೆಲ್ಲದ ಬಣ್ಣಕ್ಕೆ ತಿರುಗಿತು. ಅಕ್ಕ ಕೋಲಿನಿಂದ ಅದ್ದಿ ಅದ್ದಿ ಹಿಡಿದಳು. ಹೆಂಡತಿ ಹತ್ತಿರ ಹೋಗಿ ಕೋಲಿನ ಇನ್ನೊಂದು ತುದಿಗೆ ಕೈ ಹಾಕಿದಳು. ಅಕ್ಕ ದೂರ ಸರಿ ಎನ್ನಲಿಲ್ಲ.

ಕುದಿದ ಉಣ್ಣೆ ಏನಾಗುವುದೆಂದು ನಾನು ಮೊದಲೇ ಊಹಿಸಬೇಕಿತ್ತು. ಒಣಗಿದ ಮೇಲೆ ಧಾಬಳಿ ದಪ್ಪವಾಗಿ, ಒರಟಾಗಿ, ಮಗುವಿಗೆ ಹೊದಿಸುವಷ್ಟಕ್ಕೆ ಕುಗ್ಗಿತ್ತು. ಅಕ್ಕ ಅದನ್ನು ಸೊಂಟಕ್ಕೆ ಹಿಡಿದು ನೋಡಿದಳು. ಅರ್ಧ ಸುತ್ತಿಗೂ ಬರಲಿಲ್ಲ.

"ಇಕಿಗೇ ಆತು ಬಿಡು," ಎಂದು ವರಾಂಡದ ಬಿಸಿಲಿನಲ್ಲಿ ಹಾಸಿದಳು.

ತುರಿಕೆ ನಿಂತಿತು. ಒಮ್ಮೆಲೇ ಅಲ್ಲ, ಮೈ ತನ್ನ ಹಳೆಯ ವೈರವನ್ನು ಮರೆಯಲು ಕೆಲವು ವಾರ ಹಿಡಿಯಿತು. ತಿಂಗಳ ಹನಿ ತಪ್ಪಲಿಲ್ಲ, ಈಗಲೂ ತಪ್ಪಿಸುವುದಿಲ್ಲ. ಸುಣ್ಣದವರು ಬಂದು ಹೋದರು, ಬೆಕ್ಕು ಮನೆಯಲ್ಲೇ ಉಳಿಯಿತು, ಗೋದಾಮಿನವರು ಇಲಿಬೋನು ತಂದುಕೊಂಡರು. ಬಾಲದ ಬುಡದಲ್ಲಿ ಕೂದಲು ಮೊದಲಿಗಿಂತ ಹೊಳಪಾಗಿ ಬಂದಿತು.

ಉಳಿದದ್ದು ಅಕ್ಕನ ಮಡಿ. ನಾನು ಆಬಿಡ್ಸ್ ಪೇಟೆಯಿಂದ ಹೊಸ ಉಣ್ಣೆಯ ಶಾಲು ತಂದುಕೊಟ್ಟೆ. ಆಕೆ ಅಂಚಿನಿಂದ ಒಂದೆಳೆ ಹಿರಿದು ದೀಪಕ್ಕೆ ಹಿಡಿದಳು. ಕೂದಲು ಸುಟ್ಟ ವಾಸನೆ ಬರುವ ಬದಲು ಎಳೆ ಕರಗಿ ಗಟ್ಟಿ ಮಣಿಯಾಯಿತು; ಉಣ್ಣೆಯಲ್ಲ, ಬರೀ ಪ್ಲಾಸ್ಟಿಕ್ಕಿನ ನೂಲು. "ನಿನ್ನ ಫ್ಯಾಕ್ಟರಿ ಒಳಗ ಹಿಂಗೇ ಪಾಸ್ ಮಾಡ್ತಿದ್ದೇನು?" ಎಂದಳು. ಹೆಂಡತಿ ರೇಷ್ಮೆ ಕೊಡಿಸುತ್ತೇನೆಂದಳು. ರೇಷ್ಮೆಗೂ ಮೈಲಿಗೆ ತಟ್ಟದು. ಅಕ್ಕ ತಲೆಯಾಡಿಸಿದಳು. "ಬ್ಯಾಡವಾ. ಹುಳಾ ಕುದಿಸಿದ್ದು ಒಮ್ಮೆ ಸಾಕು."

ಹೀಗೆ ಆಕೆ ಹತ್ತಿ ಸೀರೆಗೆ ಬಂದಳು. ಗಳದ ಮೇಲೆ ಒಣಹಾಕಲು ಕೈ ಏಳದು, ಬೇರೆಯವರು ಮುಟ್ಟುವಂತಿಲ್ಲ; ಹಾಗಾಗಿ ಬೆಳಿಗ್ಗೆ ಸ್ನಾನದೊಂದಿಗೇ ಸೀರೆಯನ್ನೂ ಒಗೆದು, ಹಿಂಡಿ, ಹಸಿಯಾಗಿಯೇ ಉಟ್ಟುಕೊಳ್ಳುವುದು. ಅಷ್ಟರಲ್ಲಿ ಚಳಿಗಾಲ ಬಂದಿತ್ತು. ಹೈದರಾಬಾದಿನ ಚಳಿ ದೊಡ್ಡದೇನಲ್ಲ, ಆದರೆ ಒದ್ದೆ ಸೀರೆಗೆ ಅಷ್ಟು ಸಾಕು. ಅಕ್ಕನ ಹೆಗಲು ಇನ್ನಷ್ಟು ಬಿಗಿಯಿತು. ಹೇಳಿದರೆ ಕೇಳುವವಳಲ್ಲ.

ಆ ದಿನಗಳ ಒಂದು ಬೆಳಗು ಕಣ್ಣ ಮುಂದಿದೆ. ಅಕ್ಕ ಪೂಜೆ ಮುಗಿಸಿ, ಎಂದಿನಂತೆ ಹೊಸ್ತಿಲ ಹತ್ತಿರ ಕುಳಿತು ತೊಡೆ ತಟ್ಟಿ ಕರೆದಳು. "ಬಾರ, ನಮ್ಮವ್ವಾ. ಈಗೇನೂ ಇಲ್ಲ. ಬಾ." ಬೆಕ್ಕು ಬಂದಿತು. ಮುಂಗಾಲೊಂದನ್ನು ತೊಡೆಯ ಮೇಲಿಟ್ಟಿತು. ಒದ್ದೆ ತಾಗಿತು. ಕಾಲು ಝಾಡಿಸಿತು, ಹಿಂದೆ ಸರಿಯಿತು. ಅಕ್ಕನ ಮುಖವನ್ನು ಒಮ್ಮೆ ನೋಡಿ, ವರಾಂಡಕ್ಕೆ ಹೋಗಿ, ಬಿಸಿಲಿನಲ್ಲಿದ್ದ ಧಾಬಳಿಯ ಮೇಲೆ ಸುರುಳಿ ಸುತ್ತಿತು.

ನಾನು ಪೇಪರು ಹಿಡಿದು ಗೋಡೆಗೆ ಅಂಟಿಕೊಂಡು ನಿಂತಿದ್ದೆ. ಅಕ್ಕ ನನ್ನ ಕಡೆ ನೋಡದೆ, "ಕಡಕೊಳ್ಳಲಿಕ್ಕತ್ತಿಲ್ಲಲ್ಲ?" ಎಂದು ಕೇಳಿದಳು.

"ಇಲ್ಲ ಅಕ್ಕಾ. ಮಲಗ್ಯದ."

"ಹಂಗಾರ ಆತು," ಎಂದು, ಹಸಿ ಸೆರಗನ್ನು ಹೆಗಲ ಮೇಲೆ ಎಳೆದುಕೊಂಡು, ಅಡಿಗೆಮನೆಯ ಕಡೆ ಹೊರಟಳು. ನಾನು ದಾರಿ ಬಿಟ್ಟೆ.